ಇಳಕಲ್ ಸೆರಗಿನ ಕಾರ್ಡು ಮತ್ತು ಒಂದು ತ್ರಿಪದಿ: ಎಂಬತ್ತು ತುಂಬಿದ ಮುತ್ಯಾನಿಗೆ

ಪ್ರಶ್ನೆ: ನಮ್ಮ ಮುತ್ಯಾನಿಗೆ ಬರುವ ತಿಂಗಳು ಎಂಬತ್ತು ತುಂಬುತ್ತದೆ. ಇಳಕಲ್ಲಿನಲ್ಲಿ ಜೀವಮಾನವೆಲ್ಲ ಕುಣಿ ಮಗ್ಗದ ಮೇಲೆ ಸೀರೆ ನೇಯ್ದವರು ಅವರು. ನನ್ನ ಕೈಯಿಂದಲೇ ಒಂದು ಕಾರ್ಡು ಮಾಡಿಕೊಡಬೇಕೆಂದಿದ್ದೇನೆ, ಆದರೆ ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಅವರಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ ಇದೆ. ‘ಸಾವಿರ ಹುಣ್ಣಿಮೆ ಕಂಡ ನನ್ನ ಮುತ್ಯಾ, ನೂರು ವರ್ಷ ಸುಖವಾಗಿ ಬಾಳು’ ಎಂದು ಬರೆದಿಟ್ಟಿದ್ದೇನೆ. ಇದು ಸರಿಯೇ? ಕಾರ್ಡಿನ ಮೇಲೆ ಏನು ಮಾಡಲಿ?

ಉತ್ತರ: ನಿಮ್ಮ ಎರಡು ಸಾಲುಗಳಲ್ಲಿ ಮೊದಲನೆಯದು ಲೆಕ್ಕದಲ್ಲಿ ತಪ್ಪಿದೆ, ಎರಡನೆಯದು ಸಲಿಗೆಯಲ್ಲಿ ತಪ್ಪಿದೆ. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಸರಾಸರಿ 29.53 ದಿನಗಳ ಅಂತರವಿರುತ್ತದೆ. ಎಂಬತ್ತು ವರ್ಷಗಳೆಂದರೆ 29,220 ದಿನಗಳು, ಅಂದರೆ ಎಂಬತ್ತು ತುಂಬುವ ದಿನಕ್ಕೆ ನಿಮ್ಮ ಮುತ್ಯಾ ಕಂಡಿರುವುದು ಸುಮಾರು 989 ಹುಣ್ಣಿಮೆಗಳನ್ನು ಮಾತ್ರ. ಸಾವಿರನೆಯ ಹುಣ್ಣಿಮೆ ಬರುವುದು ಎಂಬತ್ತು ವರ್ಷ ಕಳೆದು ಇನ್ನೂ ಹತ್ತು ತಿಂಗಳಾಗುವ ಹೊತ್ತಿಗೆ. ಸಹಸ್ರ ಚಂದ್ರ ದರ್ಶನವೆಂದು ಕೆಲವು ಮನೆತನಗಳು ಆಚರಿಸುವುದು ಆ ಸಂದರ್ಭವನ್ನು, ಆದ್ದರಿಂದ ಆ ಮಾತನ್ನು ಮುಂದಿನ ವರ್ಷದ ಕಾರ್ಡಿಗೆ ಎತ್ತಿಡಿ. ಇನ್ನು ‘ನೂರು ವರ್ಷ ಬಾಳು’ ಎಂಬುದು ಹಿರಿಯರು ಕಿರಿಯರಿಗೆ ಆಡುವ ಹರಕೆಯ ಮಾತು. ಮೊಮ್ಮಗಳು ಮುತ್ಯಾನನ್ನು ಹರಸುವ ವಾಡಿಕೆ ನಮ್ಮಲ್ಲಿಲ್ಲ, ಅವಳು ಕಾಲಿಗೆ ಬಿದ್ದು ಹರಕೆ ಬೇಡುತ್ತಾಳೆ. ಅಲ್ಲದೆ ಎಂಬತ್ತು ತುಂಬಿದವರಿಗೆ ನೂರು ಎಂದು ಹೇಳಿದರೆ ಇನ್ನುಳಿದ ಇಪ್ಪತ್ತನ್ನು ಎಣಿಸಿಕೊಟ್ಟಂತೆ ಆಗುತ್ತದೆ.

ಹಾಗಾದರೆ ಪದ್ಯದಲ್ಲಿ ಏನು ಹೇಳಬೇಕು? ಅವರು ಮಾಡಿದ ಕೆಲಸವನ್ನು ಹೇಳಿ, ಅದೂ ಅವರಿಗೆ ಪರಿಚಿತವಾದ ಮಟ್ಟಿನಲ್ಲಿ ಹೇಳಿ. ನಮ್ಮ ಭಾಗದಲ್ಲಿ ಆ ಮಟ್ಟು ತ್ರಿಪದಿಯೇ. ನಿಮ್ಮ ಮುತ್ಯಾ ಚಿಕ್ಕವರಿದ್ದಾಗ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೇಳಿದ ಹಾಡುಗಳೆಲ್ಲ ಬಹುಪಾಲು ತ್ರಿಪದಿಗಳೇ ಆಗಿರುತ್ತವೆ. ನಿಮ್ಮದೇ ಜಿಲ್ಲೆಯ ಬಾದಾಮಿಯಲ್ಲಿ, ಸುಮಾರು ಕ್ರಿ.ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನ ಬಂಡೆಯ ಮೇಲಿದೆ. ಅದರಲ್ಲಿ ಒಬ್ಬ ಮನುಷ್ಯನ ಗುಣವನ್ನು ಕೊಂಡಾಡಲು ಬಳಸಿರುವುದೂ ಇದೇ ತ್ರಿಪದಿಯನ್ನು. ಒಬ್ಬರನ್ನು ಮೂರು ಸಾಲಿನಲ್ಲಿ ಹೊಗಳುವುದಕ್ಕೆ ಇಷ್ಟು ಹಳೆಯ ಅಳತೆ ಕೈಗೆ ಸಿಕ್ಕಿರುವಾಗ ಅಂಗಡಿಯ ಕಾರ್ಡಿನಲ್ಲಿ ಅಚ್ಚಾದ ‘ಹಾರ್ದಿಕ ಶುಭಾಶಯಗಳು’ ನಿಮಗೆ ಬೇಕಾಗುವುದಿಲ್ಲ.

ತ್ರಿಪದಿಯ ಲೆಕ್ಕ ಸುಲಭ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಾಕ್ಷರಕ್ಕೆ, ಸೊನ್ನೆಯಿರುವ ಅಕ್ಷರಕ್ಕೆ ಮತ್ತು ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು ಮಾತ್ರೆ. ಜನಪದ ತ್ರಿಪದಿಯ ಸಾಮಾನ್ಯ ನಡೆಯಲ್ಲಿ ಮೊದಲ ಸಾಲು ಐದೈದು ಮಾತ್ರೆಗಳ ನಾಲ್ಕು ತುಂಡುಗಳಾಗಿರುತ್ತದೆ. ಎರಡನೆಯ ಸಾಲು ಐದು, ಮೂರು, ಐದು, ಐದು ಎಂದು ನಡೆದರೆ ಮೂರನೆಯ ಸಾಲು ಐದು, ಮೂರು, ಐದು ಎಂದು ಮುಗಿಯುತ್ತದೆ. ಮೂರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಇದನ್ನು ಆದಿಪ್ರಾಸವೆನ್ನುತ್ತಾರೆ. ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುವ ಗೋಜು ಇಲ್ಲಿಲ್ಲ. ಹೊಸದಾಗಿ ಬರೆಯುವವರು ಮಾಡುವ ದೊಡ್ಡ ತಪ್ಪೆಂದರೆ ಕೊನೆಯ ಪ್ರಾಸಕ್ಕಾಗಿ ‘ಅಜ್ಜ’ ಎಂಬುದಕ್ಕೆ ‘ಸಜ್ಜ’ ಎಂದು ಜೋಡಿಸಿ ಅರ್ಥ ಕೆಡಿಸಿಕೊಳ್ಳುವುದು.

ಬರೆಯಲು ಕೂಡುವ ಮೊದಲು ಪ್ರಾಸದ ಪದಗಳನ್ನು ಒಂದು ಹಾಳೆಯ ಮೇಲೆ ಒಟ್ಟುಮಾಡಿಕೊಳ್ಳಬೇಕು. ನಿಮ್ಮ ಮುತ್ಯಾನ ಜೀವ ಮಗ್ಗದಲ್ಲಿರುವುದರಿಂದ ನಾನು ‘ಗ್ಗ’ ಹಿಡಿದೆ. ಮಗ್ಗ, ಬಗ್ಗು, ಜಗ್ಗು, ಹಿಗ್ಗು, ಮೊಗ್ಗು, ಹಗ್ಗ, ಅಗ್ಗ ಇಷ್ಟು ಸಿಕ್ಕವು. ಕೊನೆಯದನ್ನು ಕೂಡಲೇ ಹೊಡೆದುಹಾಕಿದೆ, ಏಕೆಂದರೆ ನೇಕಾರರ ಮನೆಯಲ್ಲಿ ‘ಅಗ್ಗ’ ಎಂಬ ಮಾತು ಸಂತೋಷದ ನೆನಪನ್ನು ತರುವುದಿಲ್ಲ. ಮೊದಲ ಸಾಲು ನನಗೆ ಮೊದಲು ಹೊಳೆದದ್ದು ಹೀಗೆ:

ಮಗ್ಗದ ಕುಣಿಯಲ್ಲಿ ಬಗ್ಗಿ ದುಡಿದ ಅಜ್ಜ

ಅರ್ಥ ಸರಿಯಾಗಿದೆ, ಆದರೆ ಬಾಯಿಬಿಟ್ಟು ಹಾಡಿದರೆ ಎರಡು ಕಡೆ ಕಾಲು ಜಾರುತ್ತದೆ. ‘ಮಗ್ಗದ’ ಎಂಬುದಕ್ಕೆ ನಾಲ್ಕೇ ಮಾತ್ರೆ, ಕೊನೆಯ ತುಂಡಾದ ‘ದ ಅಜ್ಜ’ ಎಂಬುದಕ್ಕೂ ನಾಲ್ಕೇ. ಮೊದಲನೆಯದನ್ನು ಹಾಡುವವರು ಎಂದೂ ಮಾಡುವಂತೆ ‘ಮಗ್ಗದಾ’ ಎಂದು ಎಳೆದರೆ ಐದಾಯಿತು. ಎರಡನೆಯದಕ್ಕೆ ನೀವೇ ಪರಿಹಾರ ಕೊಟ್ಟಿದ್ದೀರಿ: ನೀವು ಮನೆಯಲ್ಲಿ ಕರೆಯುವ ‘ಮುತ್ಯಾ’ ಎಂಬ ಪದಕ್ಕೆ ನಾಲ್ಕು ಮಾತ್ರೆಗಳಿವೆ, ‘ದ’ ಸೇರಿದರೆ ಐದು. ಪುಸ್ತಕದ ‘ಅಜ್ಜ’ನಿಗಿಂತ ಮನೆಯ ಮುತ್ಯಾ ಇಲ್ಲಿ ಛಂದಸ್ಸಿಗೂ ಸರಿಹೊಂದಿದ್ದು ನನಗಂತೂ ಸಂತೋಷ ಕೊಟ್ಟಿತು. ‘ಕುಣಿಯಲ್ಲಿ’ ಎಂಬುದು ಮಾತ್ರೆಯಲ್ಲಿ ಸರಿಯಿದ್ದರೂ ನಮ್ಮ ನಾಲಿಗೆಗೆ ‘ಕುಣಿಯೊಳಗ’ ಎಂಬುದೇ ಹತ್ತಿರ, ಅದಕ್ಕೂ ಐದೇ ಮಾತ್ರೆ. ಹೀಗೆ ತಿದ್ದಿ ಮುಗಿಸಿದ ಪದ್ಯ ಇದು:

ಮಗ್ಗದಾ ಕುಣಿಯೊಳಗ ಬಗ್ಗಿ ದುಡಿದ ಮುತ್ಯಾ
ಹಿಗ್ಗೀಲೆ ಇಂದು ಎಂಬತ್ತು ತುಂಬ್ಯಾವ
ಮೊಗ್ಗೆಲ್ಲ ನಿನ್ನ ಮಡಿಲಾಗ

ಬಿಡಿಸಿ ನೋಡಿದರೆ ಮೊದಲ ಸಾಲು ‘ಮಗ್ಗದಾ | ಕುಣಿಯೊಳಗ | ಬಗ್ಗಿ ದುಡಿ | ದ ಮುತ್ಯಾ’ ಎಂದು ಐದೈದಾಗಿ ನಡೆಯುತ್ತದೆ. ಎರಡನೆಯದು ‘ಹಿಗ್ಗೀಲೆ | ಇಂದು | ಎಂಬತ್ತು | ತುಂಬ್ಯಾವ’ ಎಂದೂ ಮೂರನೆಯದು ‘ಮೊಗ್ಗೆಲ್ಲ | ನಿನ್ನ | ಮಡಿಲಾಗ’ ಎಂದೂ ಒಡೆಯುತ್ತವೆ. ಕೊನೆಯ ಸಾಲಿನ ಮೊಗ್ಗುಗಳೆಂದರೆ ಮೊಮ್ಮಕ್ಕಳು, ಮರಿಮೊಮ್ಮಕ್ಕಳು. ಅದನ್ನು ಕಾರ್ಡಿನಲ್ಲಿ ವಿವರಿಸಬೇಡಿ, ಅವರಿಗೇ ತಿಳಿಯುತ್ತದೆ. ನಿಮ್ಮ ಮನೆಯಲ್ಲಿ ಮುತ್ಯಾನಿಗೆ ಬಹುವಚನವಿದ್ದರೆ ‘ನಿನ್ನ’ ಎಂಬಲ್ಲಿ ‘ನಿಮ್ಮ’ ಎಂದು ಬರೆಯಿರಿ, ಎರಡಕ್ಕೂ ಮೂರೇ ಮಾತ್ರೆಗಳಾದ್ದರಿಂದ ಪದ್ಯ ಅಲುಗುವುದಿಲ್ಲ. ಬೇರೆಯವರು ಓದಲೆಂದು ‘ತುಂಬ್ಯಾವ’ ಎಂಬುದನ್ನು ‘ತುಂಬಿವೆ’ ಎಂದು ತಿದ್ದಲು ಹೋಗಬೇಡಿ, ಆಗ ಒಂದು ಮಾತ್ರೆ ಕಡಿಮೆಯಾಗಿ ಸಾಲು ಕುಂಟುತ್ತದೆ.

ವಯಸ್ಸಿನ ಮಾತೇ ಬೇಡ, ಕಸುಬಿನ ಮಾತಷ್ಟೇ ಸಾಕು ಎನಿಸಿದರೆ ಇನ್ನೊಂದನ್ನು ಕೊಡುತ್ತೇನೆ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಯ ಮಂದಿಯನ್ನು ಒಂದಾಗಿ ಹಿಡಿದಿಟ್ಟ ಹಿರಿಯರಿಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ತೋಚಲಿಲ್ಲ.

ಕೊಂಡಿಯಾ ಹಾಕಿ ನೀ ಸೆರಗ ಕೂಡಿಸಿದಂಗ
ಉಂಡುಟ್ಟ ಮನೆಯ ಮಂದೀನ ಹಿಡದಿಟ್ಟಿ
ಕಂಡೇವು ನಿನ್ನ ಕೈಗುಣವ

ಇದು ಏಕವಚನದ ಸಲಿಗೆಯಿರುವ ಮನೆಗೆ ಮಾತ್ರ ಹೊಂದುತ್ತದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಿ, ಎರಡನ್ನೂ ಬರೆದರೆ ಅಕ್ಷರ ಸಣ್ಣದಾಗುತ್ತದೆ. ಅಕ್ಷರ ಸಣ್ಣದಾಗುವುದೇ ಈ ಕಾರ್ಡಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ದೋಷ.

ಏಕೆಂದರೆ ಪೊರೆ ಬೆಳೆದ ಕಣ್ಣಿನ ಮಸೂರ ಹಳದಿಗಟ್ಟಿ ಮಬ್ಬಾಗಿರುತ್ತದೆ. ತಿಳಿನೀಲಿ, ತಿಳಿಗುಲಾಬಿಯಂಥ ಬಣ್ಣಗಳು ಆ ಕಣ್ಣಿಗೆ ಬಿಳಿಯಿಂದ ಬೇರೆಯಾಗಿ ಕಾಣುವುದೇ ಕಷ್ಟ, ಕಡುನೀಲಿ ಮತ್ತು ಕಪ್ಪು ಒಂದೇ ಆಗಿ ತೋರಬಹುದು. ಮಿನುಗುವ ಪುಡಿ, ಚಿನ್ನದ ಬಣ್ಣದ ಪೆನ್ನು ಇವುಗಳಿಂದ ಬೆಳಕು ಚದುರಿ ಕಣ್ಣು ಕುಕ್ಕುತ್ತದೆ. ಆದ್ದರಿಂದ ಒಳಗಿನ ಬರಹ ಕೆನೆಬಣ್ಣದ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿಯೇ ಇರಲಿ. ಅಕ್ಷರದ ಒಡಲು 7 ಮಿಲಿಮೀಟರ್ ಎತ್ತರವಿರಲಿ, ಗೆರೆ 1 ಮಿಲಿಮೀಟರಿನಷ್ಟು ದಪ್ಪವಿರಲಿ.

ಕನ್ನಡ ಬರೆಯುವಾಗ ಸಾಲುಗಳ ನಡುವಿನ ಜಾಗದ ಲೆಕ್ಕ ಇಂಗ್ಲಿಷಿನಂತಲ್ಲ. ‘ಮಗ್ಗ’, ‘ಬಗ್ಗಿ’, ‘ಮುತ್ಯಾ’ ಇವೆಲ್ಲದರ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ‘ಹಿಗ್ಗೀಲೆ’ಯ ಗುಡಿಸು ಸಾಲಿನ ಮೇಲೆ ಏರುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಬರೆದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿ ಮಬ್ಬುಗಣ್ಣಿಗೆ ಎಲ್ಲವೂ ಕಲಸಿದಂತೆ ಕಾಣುತ್ತದೆ. ಪೆನ್ಸಿಲಿನಿಂದ ತೆಳುವಾಗಿ 7 ಮಿಲಿಮೀಟರ್ ಅಂತರದ ಜೋಡಿಗೆರೆ ಎಳೆಯಿರಿ, ಅದರ ಕೆಳಗೆ 15 ಮಿಲಿಮೀಟರ್ ಖಾಲಿ ಬಿಟ್ಟು ಮುಂದಿನ ಜೋಡಿಗೆರೆ ಎಳೆಯಿರಿ. ಆ ಖಾಲಿ ಜಾಗ ಒತ್ತಿಗೆ ಮೀಸಲು. ಮೊದಲ ಸಾಲಿನಲ್ಲಿ ಹದಿನೈದು ಅಕ್ಷರಗಳಿವೆ, ಒಂದೊಂದಕ್ಕೆ 8 ಮಿಲಿಮೀಟರ್ ಮತ್ತು ಪದಗಳ ನಡುವೆ 4 ಮಿಲಿಮೀಟರ್ ಹಿಡಿದರೆ ಸಾಲು ಸುಮಾರು 136 ಮಿಲಿಮೀಟರ್ ಉದ್ದವಾಗುತ್ತದೆ. ಮಾಮೂಲಿನಂತೆ ಎ4 ಹಾಳೆಯನ್ನು ಪುಸ್ತಕದ ಹಾಗೆ ಮಡಚಿದರೆ ಪುಟದ ಅಗಲ 148 ಮಿಲಿಮೀಟರ್ ಮಾತ್ರ ಆಗಿ, ಅಂಚು ಬಿಟ್ಟರೆ ಸಾಲು ಹಿಡಿಸುವುದಿಲ್ಲ. ಅದಕ್ಕಾಗಿಯೇ ನಾನು ಮಡಿಕೆ ಮೇಲೆ ಬರುವ ಅಡ್ಡ ಕಾರ್ಡನ್ನು ಸೂಚಿಸುತ್ತೇನೆ: 21 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ. ಇದು ಡೇರೆಯ ಹಾಗೆ ಟಿ.ವಿ. ಪಕ್ಕದಲ್ಲಿ ತಾನೇ ನಿಲ್ಲುತ್ತದೆ ಎಂಬುದು ಇನ್ನೊಂದು ಅನುಕೂಲ.

ಪದ್ಯವನ್ನು ಕಾರ್ಡಿನ ಮೇಲೆ ನೇರವಾಗಿ ಬರೆಯಬೇಡಿ. ಬೇರೊಂದು ಕೆನೆಬಣ್ಣದ ಹಾಳೆಯನ್ನು 20 × 14 ಸೆಂಟಿಮೀಟರಿಗೆ ಕತ್ತರಿಸಿ ಅದರ ಮೇಲೆ ಬರೆದು ಆಮೇಲೆ ಅಂಟಿಸಿ. ಮೂರನೆಯ ಸಾಲಿನ ಕೊನೆಯ ಅಕ್ಷರದಲ್ಲಿ ಕೈ ತಪ್ಪಿದರೂ ಆಗ ಹೋಗುವುದು ಒಂದು ಹಾಳೆ ಮಾತ್ರ. ಜೆಲ್ ಪೆನ್ನಿನ ಶಾಯಿ ನುಣುಪು ಹಾಳೆಯ ಮೇಲೆ ಬೇಗ ಒಣಗುವುದಿಲ್ಲ, ಸ್ಕೆಚ್ ಪೆನ್ನು ಒರಟು ಹಾಳೆಯ ಮೇಲೆ ಹರಡುತ್ತದೆ. ಅದೇ ಹಾಳೆಯ ಚೂರಿನ ಮೇಲೆ ‘ಮಗ್ಗ’ ಎಂದು ಬರೆದು, ಅರ್ಧ ನಿಮಿಷ ಬಿಟ್ಟು ಬೆರಳಿನಿಂದ ಸವರಿ ನೋಡಿ, ಒತ್ತಿನ ನಡುವಿನ ಸಂದು ಮುಚ್ಚದೆ ಉಳಿದಿದ್ದರೆ ಆ ಪೆನ್ನು ಆಗಬಹುದು.

ಈಗ ಹೊರಮುಖ. ಚಿತ್ರ ಬಾರದವರಿಗೆ ಇಳಕಲ್ ಸೆರಗಿಗಿಂತ ಅನುಕೂಲವಾದ ವಿನ್ಯಾಸವಿಲ್ಲ, ಏಕೆಂದರೆ ಅದರಲ್ಲಿ ಇರುವುದೆಲ್ಲ ನೇರ ಗೆರೆ ಮತ್ತು ಮುಕ್ಕೋನ. ಟೋಪ ತೆನಿ ಸೆರಗಿನಲ್ಲಿ ಕೆಂಪಿನ ಮೂರು ಪಟ್ಟಿಗಳು, ಅವುಗಳ ನಡುವೆ ಬಿಳಿಯ ಎರಡು ಪಟ್ಟಿಗಳು ಬರುತ್ತವೆ. ಬಿಳಿ ಕೆಂಪಿನೊಳಗೆ ಹಲ್ಲುಹಲ್ಲಾಗಿ ಚಾಚಿಕೊಂಡಿರುತ್ತದೆ. ಜೋಳದ ತೆನೆ ಎಂದಾದರೂ ನೋಡಿ, ಕೋಟೆಯ ತೆನೆ ಎಂದಾದರೂ ನೋಡಿ, ಎರಡೂ ನಮ್ಮ ಸೀಮೆಯವೇ. ಮನೆಯಲ್ಲಿರುವ ಹಳೆಯ ಸೀರೆಯೊಂದನ್ನು ಎದುರಿಗೆ ಹರವಿಕೊಂಡು ಕೆಲಸಕ್ಕೆ ಕೂಡಿ. ಕಾಗದದಲ್ಲಿ ಅದರ ಎಲ್ಲ ಸೂಕ್ಷ್ಮವೂ ಬರುವುದಿಲ್ಲ, ಬರಿಸಲು ಹೋಗಲೂಬಾರದು, ಪಟ್ಟಿಗಳ ಪ್ರಮಾಣ ಸರಿಯಾಗಿ ಬಂದರೆ ನೇಯ್ದವರಿಗೆ ದೂರದಿಂದಲೇ ಗುರುತು ಸಿಗುತ್ತದೆ.

ಕಾರ್ಡಿನ ಮೈಗೆ 250ರಿಂದ 300 ಜಿ.ಎಸ್.ಎಂ. ದಪ್ಪದ ಐವರಿ ಶೀಟು ತನ್ನಿ. ಅದರಲ್ಲಿ 21 × 30 ಸೆಂಟಿಮೀಟರಿನ ತುಂಡು ಕತ್ತರಿಸುವ ಮೊದಲು ಒಂದು ಪರೀಕ್ಷೆ ಬೇಕು. ಬಟ್ಟೆಗೆ ಹಾಸು ಹೊಕ್ಕು ಇರುವಂತೆ ಕಾಗದದ ನಾರುಗಳಿಗೂ ಒಂದು ದಿಕ್ಕಿರುತ್ತದೆ. ಶೀಟನ್ನು ಮಡಚದೆ ಮೆಲ್ಲಗೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಗ್ಗುತ್ತದೆಯೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ನಿಮ್ಮ 21 ಸೆಂಟಿಮೀಟರಿನ ಮಡಿಕೆ ಆ ದಿಕ್ಕಿಗೇ ಬರುವಂತೆ ತುಂಡು ಕತ್ತರಿಸಿ. ನಾರಿಗೆ ಅಡ್ಡಲಾಗಿ ಮಡಚಿದರೆ ಮಡಿಕೆಯ ಉದ್ದಕ್ಕೂ ಕಾಗದ ಬಿರಿದು ಅಂಚು ಹರಿದಂತೆ ಕಾಣುತ್ತದೆ, ಕಾರ್ಡು ಮುಚ್ಚಿಕೊಳ್ಳದೆ ಬಾಯಿ ತೆರೆದೇ ಇರುತ್ತದೆ. ಅಂಗಡಿಯಲ್ಲಿ ಕತ್ತರಿಸಿ ಮಾರುವ ಎ4 ಕಾರ್ಡ್ ಹಾಳೆಗಳಲ್ಲಿ ನಾರು ಬಹುತೇಕ ಉದ್ದಕ್ಕೇ ಇರುವುದರಿಂದ ಅವನ್ನು ನಡುವೆ ಮಡಚಿದಾಗಲೆಲ್ಲ ಈ ತೊಂದರೆ ಬರುತ್ತದೆ. ಶಾಯಿ ತೀರಿದ ಬಾಲ್ ಪೆನ್ನಿನಿಂದ, ಸ್ಟೀಲ್ ಪಟ್ಟಿ ಹಿಡಿದು, ಸರಿಯಾಗಿ 15 ಸೆಂಟಿಮೀಟರಿಗೆ ಹೊರಮೈಯಲ್ಲಿ ಒಂದು ತಗ್ಗುಗೆರೆ ಒತ್ತಿ. ಆ ತಗ್ಗು ಹೊರಗಿರುವಂತೆ, ಅದರ ಉಬ್ಬು ಒಳಗೆ ಬರುವಂತೆ ಮಡಚಿದರೆ ಮಡಿಕೆ ನೇರವಾಗಿ ನಿಲ್ಲುತ್ತದೆ.

ಕೆಂಪಿಗೆ ಸಾಧಾರಣ ಬಣ್ಣದ ಚಾರ್ಟ್ ಪೇಪರ್ ಸಾಕು. ಕೊಳ್ಳುವಾಗ ಒದ್ದೆ ಮಾಡಿದ ಕರವಸ್ತ್ರದ ತುದಿಯಿಂದ ಮೂಲೆಯನ್ನು ಉಜ್ಜಿ ನೋಡಿ. ಅಗ್ಗದ ಕೆಂಪು ಬಣ್ಣ ಬೆವರಿದ ಕೈಗೆ ಹತ್ತಿ, ಅಲ್ಲಿಂದ ಬಿಳಿ ಪಟ್ಟಿಯ ಮೇಲೆ ಬೆರಳಚ್ಚಾಗಿ ಕೂಡುತ್ತದೆ. ಆ ಕಲೆಯನ್ನು ತೆಗೆಯಲಾಗುವುದಿಲ್ಲ. ಬಣ್ಣ ಬಿಡದ ಹಾಳೆ ಸಿಕ್ಕ ಮೇಲೆ ಅದನ್ನು 20.6 × 14.6 ಸೆಂಟಿಮೀಟರಿಗೆ ಕತ್ತರಿಸಿ, ನಾಲ್ಕೂ ಕಡೆ 2 ಮಿಲಿಮೀಟರ್ ಕೆನೆಬಣ್ಣದ ಅಂಚು ಕಾಣುವಂತೆ ಮುಖದ ಮೇಲೆ ಕೂಡಿಸಬೇಕು. ಕೆಂಪು ಹಾಳೆ ಮಡಿಕೆಯ ಮೇಲೆ ಹಾಯಬಾರದು, ಹಾಯ್ದರೆ ತೆರೆದಾಗ ಸುಕ್ಕಾಗಿ ಎದ್ದು ಬರುತ್ತದೆ.

ಬಿಳಿ ಪಟ್ಟಿಗಳು ಎರಡು, ಒಂದೊಂದೂ 20 ಸೆಂಟಿಮೀಟರ್ ಉದ್ದ, 2.4 ಸೆಂಟಿಮೀಟರ್ ಅಗಲ. ಮಾಮೂಲು ಜೆರಾಕ್ಸ್ ಹಾಳೆಯಾದರೆ ಕೆಳಗಿನ ಕೆಂಪು ಹಾದು ಪಟ್ಟಿ ಗುಲಾಬಿಯಾಗಿ ಕಾಣುತ್ತದೆ, ಡ್ರಾಯಿಂಗ್ ಹಾಳೆ ಬಳಸಿ. ಒಂದು ಪಟ್ಟಿಯ ಹಿಂಬದಿಯಲ್ಲಿ ಎರಡೂ ಅಂಚುಗಳಿಂದ ಒಳಕ್ಕೆ 7 ಮಿಲಿಮೀಟರಿಗೆ ಒಂದೊಂದು ಗೆರೆ ಎಳೆಯಿರಿ. ಅಂಚಿನ ಉದ್ದಕ್ಕೂ 1 ಸೆಂಟಿಮೀಟರಿಗೆ ಒಂದರಂತೆ ಮುಕ್ಕೋನದ ಹಲ್ಲುಗಳನ್ನು ಗುರುತಿಸಿ. ಒಂದು ಅಂಚಿಗೆ ಇಪ್ಪತ್ತು ಹಲ್ಲು, ಪಟ್ಟಿಗೆ ನಲವತ್ತು, ಎರಡು ಪಟ್ಟಿಗೆ ಎಂಬತ್ತು. ವರ್ಷಕ್ಕೊಂದು ತೆನೆ. ಇದನ್ನು ಎಲ್ಲಿಯೂ ಬರೆದು ತೋರಿಸುವ ಅಗತ್ಯವಿಲ್ಲ. ಎಳೆ ಎಣಿಸಿ ಎಣಿಸಿ ಬೆಳೆದ ಕಣ್ಣು ಎಣಿಸಿಯೇ ಎಣಿಸುತ್ತದೆ, ಹಾಗಾಗಿ ಒಂದು ಹಲ್ಲೂ ತಪ್ಪದಿರಲಿ.

ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಎರಡು ತುದಿಗೂ ಕ್ಲಿಪ್ ಹಾಕಿ, ಒಟ್ಟಿಗೆ ಕತ್ತರಿಸಿ. ಕೆಲಸ ಬೇಗ ಆಗಲೆಂದು ಪಟ್ಟಿಯನ್ನು ಮಕ್ಕಳ ಬೀಸಣಿಗೆಯ ಹಾಗೆ ಹಲವು ಮಡಿಕೆ ಮಾಡಿ ಒಂದೇ ಸಲ ಕತ್ತರಿಸುವ ಆಸೆಯಾಗುತ್ತದೆ. ಆದರೆ ಮಡಿಕೆ ದಪ್ಪವಾದಂತೆ ಒಳಗಿನ ಪದರ ಸರಿದು ಹಲ್ಲುಗಳು ಒಂದು ದೊಡ್ಡ, ಒಂದು ಸಣ್ಣ ಆಗುತ್ತವೆ, ಪಟ್ಟಿಯ ಮೇಲೆ ಮಡಿಕೆಯ ಗೀರುಗಳೂ ಉಳಿಯುತ್ತವೆ. ಕತ್ತರಿಯ ತುದಿಯಿಂದ ಕತ್ತರಿಸದೆ ಬುಡದಿಂದ ಕತ್ತರಿಸಿ, ಪ್ರತಿ ಹಲ್ಲಿಗೂ ಹೊರಗಿನಿಂದ ಒಳಗೆ ಬಂದು ನಿಲ್ಲಿಸಿ. ತಗ್ಗಿನ ಮೂಲೆಯಲ್ಲಿ ಕತ್ತರಿಯನ್ನು ತಿರುಗಿಸಿದರೆ ಅಲ್ಲಿ ಕಾಗದ ಹರಿಯುತ್ತದೆ.

ಅಂಟಿಸುವ ಮೊದಲು ಎಲ್ಲವನ್ನೂ ಒಣಗಾಗಿ ಜೋಡಿಸಿ ನೋಡಿ. ಮೇಲಿನ ಕೆಂಪು 2.9, ಬಿಳಿ 2.4, ನಡುವಿನ ಕೆಂಪು 4, ಮತ್ತೆ ಬಿಳಿ 2.4, ಕೆಳಗಿನ ಕೆಂಪು 2.9 ಸೆಂಟಿಮೀಟರ್ ಬಂದರೆ ಒಟ್ಟು 14.6 ಆಗುತ್ತದೆ. ನಡುವಿನ ಕೆಂಪಿನಲ್ಲಿ ಬಿಳಿಯ ಕಾಗದದಿಂದ ಕತ್ತರಿಸಿದ ‘೮೦’ ಕೂಡಲಿ, ಎತ್ತರ 3 ಸೆಂಟಿಮೀಟರ್. ಕನ್ನಡದ ಅಂಕಿಯನ್ನೇ ಹಾಕಿ ಎಂದು ನಾನು ಹೇಳುವುದು ಅಭಿಮಾನಕ್ಕಷ್ಟೇ ಅಲ್ಲ. ಇಂಗ್ಲಿಷಿನ ಎಂಟಕ್ಕೆ ಎರಡು ಸಣ್ಣ ಕಣ್ಣುಗಳನ್ನು ಒಳಗಿನಿಂದ ಕೊರೆಯಬೇಕು, ಕನ್ನಡದ ೮ ತೆರೆದ ಅಂಕಿಯಾದ್ದರಿಂದ ಕತ್ತರಿ ಹೊರಗಿನಿಂದಲೇ ಸುತ್ತಿ ಬರುತ್ತದೆ. ಸೊನ್ನೆಯನ್ನು ನಡುವೆ ಮಡಚಿ ಅರ್ಧಚಂದ್ರದಂತೆ ಕತ್ತರಿಸಿ ಬಿಡಿಸಿದರೆ ಎರಡೂ ಕಡೆ ಸಮವಾಗಿ ಬರುತ್ತದೆ. ಕೆಂಪಿನ ಮೇಲೆ ಕಪ್ಪಿನಲ್ಲಿ ಏನನ್ನೂ ಬರೆಯಬೇಡಿ, ಅದು ಆ ಕಣ್ಣಿಗೆ ಕಾಣುವುದೇ ಇಲ್ಲ.

ಅಂಟಿನ ವಿಷಯದಲ್ಲಿ ನಾನೇ ಒಮ್ಮೆ ಪಾಠ ಕಲಿತಿದ್ದೇನೆ. ನಮ್ಮ ಸೋದರಮಾವನವರಿಗೆಂದು ಮಾಡಿದ ಕಾರ್ಡಿಗೆ ಡಬ್ಬಿಯ ಬಿಳಿ ಗೋಂದನ್ನು ಧಾರಾಳವಾಗಿ ಬಳಿದು, ರಾತ್ರಿ ಚಪ್ಪಟೆಯಾಗಿದ್ದ ಅದು ಬೆಳಗಿಗೆ ಒಣಗಿದ ವೀಳ್ಯದೆಲೆಯಂತೆ ಸುರುಳಿಯಾಗಿತ್ತು. ನೀರಿರುವ ಅಂಟು ತಾಗಿದ ಹಾಳೆ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಕೆಳಗಿನ ದಪ್ಪ ಹಾಳೆಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಕೆಂಪು ಹಾಳೆಗೆ ಗ್ಲೂ ಸ್ಟಿಕ್ ಬಳಸಿ, ನಡುವಿನಿಂದ ಅಂಚಿನ ಕಡೆಗೆ ತೆಳುವಾಗಿ ಬಳಿಯಿರಿ. ಹಲ್ಲುಪಟ್ಟಿಗಳಿಗೆ ಎರಡು ಬದಿಯ ಟೇಪನ್ನು ನಡುವಿನ 1 ಸೆಂಟಿಮೀಟರ್ ಪಟ್ಟಿಯಲ್ಲಿ ಹಾಕಿ, ಹಲ್ಲುಗಳ ತುದಿಗೆ ಗ್ಲೂ ಸ್ಟಿಕ್ ತಾಗಿಸಿದರೆ ಸಾಕು.

ಹೊರಗೆ ಕೆಂಪು ಹಾಳೆ ಅಂಟಿದ ಫಲಕದ ಒಳಬದಿಗೂ ಅದೇ ಅಳತೆಯ ಇನ್ನೊಂದು ಹಾಳೆ ಅಂಟಿಸುವುದು ಅಗತ್ಯ, ಇಲ್ಲದಿದ್ದರೆ ಆ ಫಲಕ ಒಂದೇ ಕಡೆಗೆ ಬಾಗುತ್ತದೆ. ಆ ಒಳಹಾಳೆ ಮನೆಯವರ ಹೆಸರುಗಳಿಗೆ ಇರಲಿ. ಅಕ್ಷರ ಬಾರದ ಚಿಕ್ಕ ಮಕ್ಕಳಿದ್ದರೆ ಅವರ ಹೆಬ್ಬೆಟ್ಟಿನ ಗುರುತು ಹಾಕಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ: ಮಡಿಕೆ ಮೇಲಿರುವ ಕಾರ್ಡಿನಲ್ಲಿ ಮುಖವನ್ನು ಎತ್ತಿದಾಗ ಅದು ತಲೆಕೆಳಗಾಗಿ ತಿರುಗುತ್ತದೆ, ಹಾಗಾಗಿ ಒಳಹಾಳೆಯ ಕೆಳ ಅಂಚು ಮಡಿಕೆಯ ಪಕ್ಕಕ್ಕೆ ಬರಬೇಕು. ಅಂಟು ಹಚ್ಚುವ ಮೊದಲು ಹಾಳೆಯನ್ನು ಸುಮ್ಮನೆ ಇಟ್ಟು, ಕಾರ್ಡು ತೆರೆದು, ಹೆಸರುಗಳು ಓದಲು ನೆಟ್ಟಗೆ ಕಾಣುತ್ತವೆಯೇ ಎಂದು ನೋಡಿಕೊಳ್ಳಿ. ಪದ್ಯದ ಹಾಳೆ ಕೆಳಗಿನ ಫಲಕದ ಒಳಮೈಗೆ ಬರುತ್ತದೆ, ಅದಕ್ಕೆ ಮೇಲಿನ ಅಂಚಿನಲ್ಲಿ ಒಂದೇ ಟೇಪಿನ ಗೆರೆ ಸಾಕು.

ಎಲ್ಲ ಮುಗಿದ ಮೇಲೆ ಕಾರ್ಡನ್ನು ಎರಡು ಶುಭ್ರ ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ನಾಲ್ಕೈದು ದಪ್ಪ ಪುಸ್ತಕಗಳನ್ನು ಹೇರಿ ಒಂದು ರಾತ್ರಿ ಬಿಡಿ. ಹುಟ್ಟುಹಬ್ಬಕ್ಕೆ ಮೂರು ದಿನ ಮೊದಲೇ ಮಾಡಿ ಮುಗಿಸಿದರೆ ಕೆಂಪಿನ ಅಂಚು ಎಲ್ಲಾದರೂ ಎದ್ದಿದ್ದನ್ನು ಮತ್ತೆ ಒತ್ತಲು ಸಮಯ ಸಿಗುತ್ತದೆ. ಹಿಂಬದಿಯ ಕೆಳಮೂಲೆಯಲ್ಲಿ ಸಣ್ಣದಾಗಿ ನಿಮ್ಮ ಹೆಸರು, ಊರು, ತಾರೀಖು ಬರೆಯಿರಿ. ತಾರೀಖು ಬರೆಯುವಾಗ ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಏಕೆಂದರೆ ಆ ತಲೆಮಾರಿನ ಎಷ್ಟೋ ಜನರಿಗೆ ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದು ಬರೆಸಿರುತ್ತಾರೆ, ನಿಜವಾದ ದಿನ ಯಾವುದೋ ಜಾತ್ರೆಯ ಮರುದಿನವೋ ಅಮಾವಾಸ್ಯೆಯ ಹಿಂದಿನ ದಿನವೋ ಆಗಿರುತ್ತದೆ. ನೀವು ಎಂಬತ್ತು ತುಂಬಿತೆಂದು ಎಣಿಸಿದ್ದು ಯಾವುದರಿಂದ ಎಂಬುದು ಗೊತ್ತಾದ ಮೇಲೆ ಸಾವಿರನೆಯ ಹುಣ್ಣಿಮೆ ಯಾವ ತಿಂಗಳು ಬರುತ್ತದೆಂಬುದನ್ನೂ ಅದೇ ಲೆಕ್ಕದಿಂದ ತೆಗೆದು, ಆ ಹೊತ್ತಿಗೆ ಬೇಕಾಗುವ ಇನ್ನೊಂದು 21 × 30ರ ಐವರಿ ತುಂಡನ್ನು ಇದೇ ಶೀಟಿನಿಂದ ಈಗಲೇ ಕತ್ತರಿಸಿ ಇಟ್ಟುಕೊಳ್ಳಬಹುದು.